ಕಹಳೆಯೊಳಗಿನ ಪಾರಿವಾಳಗಳು

ಇಪ್ಪತ್ತನೆಯ ಶತಮಾನದ ಬಹುದೊಡ್ಡ ಆವಿಷ್ಕಾರಗಳಲ್ಲಿ ಒಂದನ್ನು ಜನ ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ. ಅಮೆರಿಕದ ಇಬ್ಬರು ವಿಜ್ಞಾನಿಗಳ ಆಂಟೆನಾದಲ್ಲಿ ಗೊರಗೊರ ಸದ್ದು ನಿಲ್ಲುತ್ತಲೇ ಇರಲಿಲ್ಲ. ಒಳಗೆ ಇಣುಕಿದರೆ ಒಂದು ಜೋಡಿ ಪಾರಿವಾಳ, ಸುತ್ತೆಲ್ಲ ಹಿಕ್ಕೆ. ಹಕ್ಕಿಗಳನ್ನು ಹಿಡಿದು ಕಂಪನಿಯ ಟಪಾಲಿನಲ್ಲಿ ದೂರದ ಊರಿಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಅವು ಹಾರಿಕೊಂಡು ವಾಪಸ್ ಬಂದವು. ಹಿಕ್ಕೆ ಕೆರೆದು ತೊಳೆದರೂ ಸದ್ದು ಹೋಗಲಿಲ್ಲ. ಕೊನೆಗೆ ನೋಡಿದರೆ ಅದು ವಿಶ್ವ ಹುಟ್ಟಿದ ಕಾಲದ ಸದ್ದು! ಹಿಕ್ಕೆ ತೊಳೆಯಲು ಹೋದವರಿಗೆ ನೊಬೆಲ್ ಸಿಕ್ಕಿತು.

ಕೇಳಿದವರು ನಗುತ್ತಾರೆ. ನಗುವುದು ತಪ್ಪಲ್ಲ. ಪಾರಿವಾಳಗಳು ಇದ್ದದ್ದು ನಿಜ, ಹಿಕ್ಕೆ ಇದ್ದದ್ದು ನಿಜ, ಟಪಾಲು ನಿಜ, ಮರಳಿ ಬಂದದ್ದು ನಿಜ, ನೊಬೆಲ್ ಬಂದದ್ದೂ ನಿಜ. ಆದರೂ ಕೇಳುಗರ ಮನಸ್ಸಿನಲ್ಲಿ ಉಳಿಯುವ ಚಿತ್ರ ತಪ್ಪು. ಇಬ್ಬರು ಪೆದ್ದರು ಏನನ್ನೋ ಹುಡುಕಲು ಹೋಗಿ, ಅದೃಷ್ಟದಿಂದ ಇನ್ನೇನನ್ನೋ ಎಡವಿದರು ಎಂಬ ಚಿತ್ರ ಅದು. ಘಟನೆಗಳೆಲ್ಲ ನಿಜವಾಗಿದ್ದೂ ಒಟ್ಟು ಕತೆ ಸುಳ್ಳಾಗುವುದು ಹೇಗೆ? ಅದೇ ಕತೆಯನ್ನು ಒಂದು ಘಟನೆಯನ್ನೂ ಬಿಡದೆ, ಒಂದನ್ನೂ ಕಲ್ಪಿಸಿ ಸೇರಿಸದೆ, ಗಂಭೀರವಾಗಿ ಹೇಳಲು ಸಾಧ್ಯವೇ? ಸಾಧ್ಯ ಎಂಬುದು ನನ್ನ ನಂಬಿಕೆ. ಅದಕ್ಕೆ ಪಾರಿವಾಳಗಳನ್ನು ಓಡಿಸಬೇಕಾಗಿಲ್ಲ. ಅವು ಬರುವುದಕ್ಕೆ ಮುಂಚೆ ಏನಾಗಿತ್ತು ಎಂಬುದನ್ನು ಮೊದಲು ಹೇಳಬೇಕು, ಅಷ್ಟೆ.

ಗದ್ದಲವನ್ನು ತಾಪದಲ್ಲಿ ಅಳೆಯುವುದು

ನ್ಯೂಜೆರ್ಸಿಯ ಹೋಮ್‌ಡೆಲ್ ಬಳಿ ಕ್ರಾಫರ್ಡ್ ಹಿಲ್ ಎಂಬ ಗುಡ್ಡವಿದೆ. ಅಲ್ಲಿ ಬೆಲ್ ಪ್ರಯೋಗಾಲಯದವರು 1959-60ರ ಸುಮಾರಿಗೆ ಒಂದು ವಿಚಿತ್ರ ಆಕಾರದ ಆಂಟೆನಾ ಕಟ್ಟಿದರು. ನೋಡಲು ಅದು ಮಲಗಿಸಿದ ದೊಡ್ಡ ಕಹಳೆ. ಒಂದು ಕಡೆ 20 ಅಡಿ ಅಗಲದ ತೆರೆದ ಬಾಯಿ. ಅಲ್ಲಿಂದ ಕಿರಿದಾಗುತ್ತ ಹೋಗಿ ಸಣ್ಣ ತುದಿ ಒಂದು ಕೋಣೆಯೊಳಗೆ ಸೇರುತ್ತದೆ. ರೇಡಿಯೊ ಅಲೆಗಳನ್ನು ಹಿಡಿಯುವ ಗ್ರಾಹಕ ಇದ್ದದ್ದು ಆ ಕೋಣೆಯಲ್ಲಿ. ಇಡೀ ರಚನೆಯನ್ನು ಬೇಕಾದ ದಿಕ್ಕಿಗೆ ತಿರುಗಿಸಬಹುದಿತ್ತು.

ಇದನ್ನು ಕಟ್ಟಿದ್ದು ಎಕೊ ಎಂಬ ಉಪಗ್ರಹಕ್ಕಾಗಿ. 1960ರ ಆಗಸ್ಟ್‌ನಲ್ಲಿ ಹಾರಿಸಿದ ಎಕೊ ವಾಸ್ತವದಲ್ಲಿ ಲೋಹದ ಲೇಪವಿದ್ದ ಒಂದು ದೊಡ್ಡ ಬಲೂನು. ಅದರೊಳಗೆ ಸಂಕೇತವನ್ನು ಬಲಪಡಿಸುವ ಯಂತ್ರವಿರಲಿಲ್ಲ. ನೆಲದಿಂದ ಕಳಿಸಿದ ರೇಡಿಯೊ ಅಲೆ ಬಲೂನಿಗೆ ಬಡಿದು ಚದುರಿ, ಅತ್ಯಲ್ಪ ಭಾಗ ಮಾತ್ರ ಇನ್ನೊಂದೆಡೆಯ ನೆಲಕ್ಕೆ ಮರಳುತ್ತಿತ್ತು. ಅಷ್ಟು ಕ್ಷೀಣ ಸಂಕೇತವನ್ನು ಹಿಡಿಯಬೇಕಾದರೆ ಆಂಟೆನಾದ ಸ್ವಂತ ಗದ್ದಲ ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಕಹಳೆಯ ಆಕಾರ ಇದ್ದದ್ದೇ ಅದಕ್ಕೆ. ಸಾಮಾನ್ಯ ತಟ್ಟೆ ಆಂಟೆನಾ ಆಕಾಶದ ಕಡೆ ಮುಖ ಮಾಡಿದ್ದರೂ ಹಿಂಬದಿಯಿಂದ ನೆಲದ ವಿಕಿರಣವನ್ನು ಕದ್ದು ಕುಡಿಯುತ್ತದೆ. ಕಹಳೆಯ ಗೋಡೆಗಳು ಅದನ್ನು ಬಹುಮಟ್ಟಿಗೆ ತಡೆಯುತ್ತವೆ.

ಇಲ್ಲಿ ಗದ್ದಲ ಎಂದರೆ ಕಿವಿಗೆ ಕೇಳುವ ಸದ್ದಲ್ಲ. ಯಾವುದೇ ವಸ್ತು ತನ್ನ ತಾಪಕ್ಕೆ ತಕ್ಕಂತೆ ರೇಡಿಯೊ ಅಲೆಗಳನ್ನು ಸೂಸುತ್ತಲೇ ಇರುತ್ತದೆ. ನೆಲ, ಗಾಳಿ, ಆಂಟೆನಾದ ಲೋಹ, ತಂತಿ, ಎಲ್ಲವೂ ಸೂಸುತ್ತವೆ. ಹಾಗಾಗಿ ರೇಡಿಯೊ ಎಂಜಿನಿಯರರು ಗದ್ದಲವನ್ನು ತಾಪದ ಮಾನದಲ್ಲೇ, ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಸೊನ್ನೆ ಕೆಲ್ವಿನ್ ಎಂದರೆ ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ 273 ಡಿಗ್ರಿ ಕೆಳಗೆ. ನಮ್ಮ ಕಾಲ ಕೆಳಗಿನ ನೆಲ ಸುಮಾರು 290 ಕೆಲ್ವಿನ್. ಈ ಕತೆ ನಡೆಯುವುದು ಮೂರು ನಾಲ್ಕು ಕೆಲ್ವಿನ್‌ಗಳ ಸುತ್ತ. ನೆಲದ ವಿಕಿರಣದ ನೂರರಲ್ಲಿ ಒಂದು ಪಾಲು ಒಳಗೆ ನುಸುಳಿದರೂ ಸಾಕು, ಲೆಕ್ಕವೆಲ್ಲ ಕೆಡುತ್ತದೆ. ಈ ಒಂದು ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪಾರಿವಾಳದ ಪ್ರಸಂಗದ ಗಾಂಭೀರ್ಯವೆಲ್ಲ ಇರುವುದು ಇದರಲ್ಲೇ.

ಸೊನ್ನೆ ಬರಬೇಕಾದ ಜಾಗ

ಆರ್ನೊ ಪೆನ್ಜಿಯಸ್ 1933ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಹುಟ್ಟಿದ ಯಹೂದಿ. ಬಾಲ್ಯದಲ್ಲೇ ನಾತ್ಸಿಗಳಿಂದ ಪಾರಾಗಿ ಇಂಗ್ಲೆಂಡಿನ ಮೂಲಕ ನ್ಯೂಯಾರ್ಕ್ ಸೇರಿದವರು. ರಾಬರ್ಟ್ ವಿಲ್ಸನ್ 1936ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಹುಟ್ಟಿದವರು. ಇಬ್ಬರೂ ರೇಡಿಯೊ ಖಗೋಳ ವಿಜ್ಞಾನದಲ್ಲಿ ತರಬೇತಿ ಪಡೆದಿದ್ದರು. ಉಪಗ್ರಹದ ಕೆಲಸ ಮುಗಿದು ಕಹಳೆ ಬಿಡುವಾದಾಗ, ಅದನ್ನು ಆಕಾಶದ ಕಡೆ ತಿರುಗಿಸುವ ಅವಕಾಶ ಇವರಿಗೆ ಸಿಕ್ಕಿತು.

ಅವರಿಗೆ ಬೇಕಾಗಿದ್ದದ್ದು ವಿಶ್ವದ ಹುಟ್ಟಲ್ಲ. ನಮ್ಮ ಆಕಾಶಗಂಗೆಯ ಚಪ್ಪಟೆ ಬಿಲ್ಲೆಯ ಸುತ್ತ ತೆಳುವಾದ ಪ್ರಭಾವಲಯ ಇದೆಯೇ, ಇದ್ದರೆ ಅದರಿಂದ 21 ಸೆಂಟಿಮೀಟರ್ ಅಲೆಯುದ್ದದಲ್ಲಿ ಎಷ್ಟು ವಿಕಿರಣ ಬರುತ್ತದೆ ಎಂದು ಅಳೆಯುವುದು ಅವರ ಗುರಿ. ಇದು ಕಷ್ಟದ ಅಳತೆ. ಒಂದು ನಕ್ಷತ್ರವನ್ನೋ ನೀಹಾರಿಕೆಯನ್ನೋ ಅಳೆಯುವಾಗ ಆಂಟೆನಾವನ್ನು ಅದರ ಮೇಲೆ ಇಟ್ಟು, ಆಮೇಲೆ ಪಕ್ಕಕ್ಕೆ ಸರಿಸಿ, ಎರಡರ ವ್ಯತ್ಯಾಸ ನೋಡಿದರೆ ಸಾಕು. ಆದರೆ ಎಲ್ಲ ದಿಕ್ಕಿಗೂ ಹಬ್ಬಿರುವ ವಿಕಿರಣಕ್ಕೆ ‘ಪಕ್ಕ’ ಎಂಬುದೇ ಇಲ್ಲ. ಅದನ್ನು ಅಳೆಯಬೇಕಾದರೆ ಉಪಕರಣದ ಪ್ರತಿಯೊಂದು ಅಂಗದ ಸ್ವಂತ ಗದ್ದಲ ಎಷ್ಟೆಂದು ಗೊತ್ತಿರಬೇಕು. ಎಣ್ಣೆ ತೂಗುವವನು ಮೊದಲು ಬರಿ ಡಬ್ಬದ ತೂಕ ನೋಡಿ ಕಳೆಯುವಂತೆ, ಇಲ್ಲಿ ಗಾಳಿ, ಗೋಡೆ, ನೆಲ ಇವೆಲ್ಲವನ್ನೂ ಒಂದೊಂದಾಗಿ ಕಳೆಯಬೇಕು.

ಆದ್ದರಿಂದ ಅವರು ಮೊದಲು ಒಂದು ಪರೀಕ್ಷೆ ಇಟ್ಟುಕೊಂಡರು. ಕಹಳೆಯಲ್ಲಿ ಉಪಗ್ರಹದ ಕಾಲದಿಂದಲೇ 7.35 ಸೆಂಟಿಮೀಟರ್ ಅಲೆಯುದ್ದದ ಗ್ರಾಹಕವಿತ್ತು. ಆ ಅಲೆಯುದ್ದದಲ್ಲಿ ಆಕಾಶಗಂಗೆಯ ಪ್ರಭಾವಲಯದಿಂದ ಏನೂ ಬರಬಾರದು. ಕಳೆಯುವುದನ್ನೆಲ್ಲ ಸರಿಯಾಗಿ ಕಳೆದರೆ ಉತ್ತರ ಸೊನ್ನೆ ಬರಬೇಕು. ಸೊನ್ನೆ ಬಂದರೆ ಉಪಕರಣ ನಂಬಲರ್ಹ, ಆಮೇಲೆ 21 ಸೆಂಟಿಮೀಟರಿಗೆ ಹೋಗಬಹುದು.

ಹೋಲಿಕೆಗೆ ಒಂದು ಆಧಾರ ಬೇಕಲ್ಲ? ಪೆನ್ಜಿಯಸ್ ದ್ರವ ಹೀಲಿಯಂನಲ್ಲಿ ಮುಳುಗಿಸಿದ ಒಂದು ‘ತಣ್ಣನೆಯ ಮಾನಕ’ ತಯಾರಿಸಿದರು. ಹೀಲಿಯಂ 4.2 ಕೆಲ್ವಿನ್‌ನಲ್ಲಿ ಕುದಿಯುತ್ತದೆ. ನಡುವಿನ ಕೊಳವೆಯ ಗದ್ದಲ ಸೇರಿ ಮಾನಕ ಸುಮಾರು 5 ಕೆಲ್ವಿನ್ ತೋರಿಸುತ್ತಿತ್ತು. ಗ್ರಾಹಕವನ್ನು ಒಮ್ಮೆ ಆಂಟೆನಾಕ್ಕೆ, ಒಮ್ಮೆ ಈ ಮಾನಕಕ್ಕೆ ಜೋಡಿಸುತ್ತ ಎರಡನ್ನೂ ಹೋಲಿಸುವುದು ವಿಧಾನ. ಲೆಕ್ಕದ ಪ್ರಕಾರ ಆಂಟೆನಾ ಸುಮಾರು 3.3 ಕೆಲ್ವಿನ್ ತೋರಿಸಬೇಕಿತ್ತು. ಅಂದರೆ ನೆತ್ತಿಯ ಮೇಲಿನ ಆಕಾಶಕ್ಕೆ ಮುಖ ಮಾಡಿದ ಕಹಳೆ, ದ್ರವ ಹೀಲಿಯಂನಲ್ಲಿಟ್ಟ ಮಾನಕಕ್ಕಿಂತ ತಣ್ಣಗಿರಬೇಕಿತ್ತು.

1964ರ ಬೇಸಿಗೆಯ ಹೊತ್ತಿಗೆ ಅಳೆದಾಗ ಕಹಳೆ ಮಾನಕಕ್ಕಿಂತ ಬೆಚ್ಚಗಿತ್ತು.

ಅದನ್ನು ಕಂಡ ಪೆನ್ಜಿಯಸ್‌ರ ಮೊದಲ ಪ್ರತಿಕ್ರಿಯೆ, ಹಾಗಾದರೆ ನಾನು ಮಾಡಿದ ಮಾನಕ ಚೆನ್ನಾಗಿಯೇ ಇದೆ ಎಂಬುದು. ವಿಲ್ಸನ್ ಮುಂದೆ ಇದನ್ನು ನೆನಪಿಸಿಕೊಂಡಿದ್ದಾರೆ. ಇದೂ ನಗೆಯ ಮಾತಿನಂತೆ ಕೇಳುತ್ತದೆ. ಬಿಡಿಸಿ ನೋಡಿದರೆ ಅದರಲ್ಲಿ ಕಟ್ಟುನಿಟ್ಟಾದ ತರ್ಕವಿದೆ. ಇಂಥ ಮಾನಕ ಕೆಡುವುದು ಬಹುಮಟ್ಟಿಗೆ ಒಂದೇ ದಾರಿಯಲ್ಲಿ. ಎಲ್ಲೋ ಉಷ್ಣ ಸೋರಿ, ತಾನು ಇರಬೇಕಾದ್ದಕ್ಕಿಂತ ಬೆಚ್ಚಗಾಗುತ್ತದೆ. ಹಾಗಾಗಿದ್ದರೆ ಅದರ ಮುಂದೆ ಆಂಟೆನಾ ಇನ್ನೂ ತಣ್ಣಗೆ ಕಾಣಬೇಕಿತ್ತು. ಆಂಟೆನಾವೇ ಬೆಚ್ಚಗೆ ಕಂಡಿತೆಂದರೆ ದೋಷ ಮಾನಕದಲ್ಲಿಲ್ಲ, ಅದು ಆಂಟೆನಾದಲ್ಲಿ ಅಥವಾ ಆಂಟೆನಾದ ಆಚೆ ಇದೆ. ಒಂದೇ ಮಾತಿನಲ್ಲಿ ಶಂಕಿತರ ಪಟ್ಟಿಯಿಂದ ಒಬ್ಬನ ಹೆಸರು ಹೋಯಿತು.

ಕಳೆಯುವ ಲೆಕ್ಕ

ಮುಂದೆ ಪ್ರಕಟವಾದ ಅಂಕಿಗಳು ಇವು. ಕಹಳೆ ನೆತ್ತಿಯ ಕಡೆ ನೋಡುವಾಗ ಒಟ್ಟು ತಾಪ 6.7 ಕೆಲ್ವಿನ್. ಅದರಲ್ಲಿ ಗಾಳಿಯ ಪಾಲು 2.3. ಆಂಟೆನಾದ ಲೋಹದ ಗೋಡೆಗಳ ಪಾಲು ಮತ್ತು ಹಿಂಬದಿಯಿಂದ ನುಸುಳುವ ನೆಲದ ಪಾಲು ಸೇರಿ 0.9. ಎರಡನ್ನೂ ಕಳೆದರೆ ಉಳಿಯುವುದು 3.5.

ಗಾಳಿಯ ಪಾಲು ಊಹೆಯ ಮಾತಲ್ಲ. ಅದನ್ನು ಆಂಟೆನಾವನ್ನು ಬಾಗಿಸಿ ಅಳೆಯುತ್ತಾರೆ. ನೆತ್ತಿಯಿಂದ 60 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಕಿರಣ ಹಾದುಬರುವ ಗಾಳಿಯ ದಪ್ಪ ಎರಡರಷ್ಟಾಗುತ್ತದೆ. ಗಾಳಿಯ ಪಾಲೂ ಎರಡರಷ್ಟಾಗಿ 4.6ರ ಹತ್ತಿರ ಹೋಗಬೇಕು. ಬಾಗಿಸಿದಂತೆ ಏರುವುದು ಗಾಳಿಯದು. ಬಾಗಿಸಿದರೂ ಏರದೆ ಹಾಗೇ ಉಳಿಯುವುದು ಬೇರೆ ಏನೋ. ಅವರು ಬಾಗಿಸಿ ನೋಡಿದರು. ಗಾಳಿಯ ಪಾಲು ನಿರೀಕ್ಷೆಯಂತೆ ಏರಿತು, ಆ 3.5 ಅಲುಗಲಿಲ್ಲ.

ಹೀಗೆ ಪಟ್ಟಿ ಬೆಳೆಯಿತು. ಹತ್ತಿರದ ನ್ಯೂಯಾರ್ಕ್ ನಗರದ ರೇಡಿಯೊ ಗಲಾಟೆಯೇ? ಕಹಳೆಯನ್ನು ಸುತ್ತ ತಿರುಗಿಸಿದರು. ನಗರದ ದಿಕ್ಕಿನಲ್ಲಿ ಹೆಚ್ಚೇನೂ ಇರಲಿಲ್ಲ. ಆಕಾಶಗಂಗೆಯೇ? ಹಾಗಿದ್ದರೆ ಅದರ ಪಟ್ಟೆಯತ್ತ ನೋಡುವಾಗ ಏರಬೇಕು, ಬೇರೆಡೆ ಇಳಿಯಬೇಕು, ಹಾಗಾಗಲಿಲ್ಲ. ಸೌರಮಂಡಲದ ಯಾವುದಾದರೂ ಮೂಲವೇ? ಭೂಮಿ ಸೂರ್ಯನ ಸುತ್ತ ಹೋದಂತೆ ಅದು ಬದಲಾಗಬೇಕು, ಋತು ಬದಲಾದರೂ ಅಂಕಿ ಬದಲಾಗಲಿಲ್ಲ. ಅಮೆರಿಕ 1962ರ ಜುಲೈನಲ್ಲಿ ಪೆಸಿಫಿಕ್ ಮೇಲೆ ಬಹಳ ಎತ್ತರದಲ್ಲಿ ಪರಮಾಣು ಬಾಂಬೊಂದನ್ನು ಸಿಡಿಸಿತ್ತು. ಅದರಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಕಣಗಳೇ? ಆ ಕಣಗಳು ಕಾಲ ಕಳೆದಂತೆ ತಗ್ಗಬೇಕು, ಅಂಕಿ ತಗ್ಗಲಿಲ್ಲ.

ಉಳಿದದ್ದು ಆಂಟೆನಾದ ಒಳಗೋಡೆ.

ಈಗ ಪಾರಿವಾಳಗಳು

ಕಹಳೆಯ ಸಣ್ಣ ತುದಿ ಗಾಳಿಮಳೆ ತಾಗದ ಜಾಗ. ಅಲ್ಲಿ ಒಂದು ಜೋಡಿ ಪಾರಿವಾಳ ಮನೆ ಮಾಡಿಕೊಂಡಿದ್ದವು. ಒಳಗೋಡೆಯ ಮೇಲೆ ಅವುಗಳ ಹಿಕ್ಕೆ ಬಿಳಿಯ ಪದರವಾಗಿ ಕಟ್ಟಿತ್ತು. ನಗೆಯ ಕತೆ ಈ ಪದರವನ್ನು ಕೊಳೆ ಎಂದು ಮಾತ್ರ ನೋಡುತ್ತದೆ. ರೇಡಿಯೊ ವಿಜ್ಞಾನಿ ಅದನ್ನು ಸುತ್ತಲಿನ ತಾಪದಲ್ಲಿರುವ, ಅಲೆಗಳನ್ನು ಒಂದಿಷ್ಟು ಹೀರಬಲ್ಲ ಪದಾರ್ಥ ಎಂದು ನೋಡಬೇಕು. ಹೀರುವ ವಸ್ತು ಅದೇ ಪ್ರಮಾಣದಲ್ಲಿ ಸೂಸುತ್ತದೆ. ಇದು ಭೌತವಿಜ್ಞಾನದ ಮೂಲ ನಿಯಮಗಳಲ್ಲಿ ಒಂದು.

ಲೆಕ್ಕ ಹಾಕಿ ನೋಡೋಣ. ಪದರದ ತಾಪ 290 ಕೆಲ್ವಿನ್ ಇರಲಿ. ಅದು ಒಳಬರುವ ಅಲೆಯ ನೂರರಲ್ಲಿ ಒಂದು ಪಾಲು ಹೀರಿದರೆ 2.9 ಕೆಲ್ವಿನ್ ಗದ್ದಲ ಸೂಸುತ್ತದೆ. ನೂರರಲ್ಲಿ 1.2 ಪಾಲು ಹೀರಿದರೆ 3.5 ಕೆಲ್ವಿನ್. ಅವರಿಗೆ ಹೆಚ್ಚಾಗಿ ಕಂಡದ್ದು ಕೂಡ ಅಷ್ಟೇ! ಇನ್ನೊಂದು ಕಡೆಯಿಂದಲೂ ನೋಡಬಹುದು. ಶುದ್ಧವಾದ ಗೋಡೆಗಳ ಪಾಲೆಂದು ಅವರು ಲೆಕ್ಕ ಹಾಕಿದ್ದು 0.8 ಕೆಲ್ವಿನ್. ಅಂದರೆ ಇಡೀ ಕಹಳೆಯ ಲೋಹ ಹೀರುತ್ತಿದ್ದದ್ದು ನೂರರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಅಂಥ ಉಪಕರಣದೊಳಗೆ, ಅದೂ ಅಲೆಗಳೆಲ್ಲ ಬಂದು ಸೇರುವ ಇಕ್ಕಟ್ಟಾದ ತುದಿಯಲ್ಲಿ, ಹಿಕ್ಕೆಯ ಪದರವನ್ನು ಅನುಮಾನಿಸದೆ ಬಿಡುವುದೇ ತಪ್ಪಾಗುತ್ತಿತ್ತು. ತೊಳೆಯದೆ ‘ಇದು ಆಕಾಶದಿಂದ ಬರುತ್ತಿದೆ’ ಎಂದು ಹೇಳಿದ್ದರೆ ಯಾರೂ ನಂಬಬೇಕಾಗಿರಲಿಲ್ಲ.

ಅವರು ಹಕ್ಕಿಗಳನ್ನು ಬೋನಿನಲ್ಲಿ ಹಿಡಿದರು. ಪ್ರಾಣಿಗೆ ಗಾಯವಾಗದ ಬೋನು ಅದು, ಈಗ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಕಂಪನಿಯ ಟಪಾಲಿನ ಮೂಲಕ ಅವುಗಳನ್ನು ನ್ಯೂಜೆರ್ಸಿಯದೇ ವಿಪ್ಪನಿ ಎಂಬಲ್ಲಿಗೆ ಕಳಿಸಿ ಬಿಡಿಸಿದರು. ಪಾರಿವಾಳ ಗೂಡಿಗೆ ಮರಳುವ ಹಕ್ಕಿ, ಮರಳಿ ಬಂದವು. ಕೊನೆಗೆ ಗುಂಡು ಹೊಡೆದು ಕೊಲ್ಲಲಾಯಿತು. ಹಕ್ಕಿಗಳು ನರಳದಂತೆ ಬಹಳ ಹತ್ತಿರದಿಂದ ಹೊಡೆಸಿದ್ದಾಗಿಯೂ, ಅದು ತನಗೆ ಸಂತೋಷ ಕೊಡುವ ಸಂಗತಿಯಲ್ಲವೆಂದೂ ಪೆನ್ಜಿಯಸ್ ಮುಂದೆ ಹೇಳಿದ್ದಾರೆ. ನಗೆಯ ಕತೆಗಳಲ್ಲಿ ಈ ಭಾಗ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಗಂಭೀರವಾಗಿ ಹೇಳುವವರು ಬಿಡುವಂತಿಲ್ಲ. ಅದನ್ನು ವಿಜ್ಞಾನಕ್ಕೆ ಅರ್ಪಿಸಿದ ಬಲಿ ಎಂದು ಅಲಂಕರಿಸುವಂತೆಯೂ ಇಲ್ಲ. ಎರಡು ಹಕ್ಕಿಗಳನ್ನು ಕೊಲ್ಲಲಾಯಿತು, ಮಾಡಿಸಿದವರು ಅದನ್ನು ಒಪ್ಪಿಕೊಂಡರು, ಅಷ್ಟು ಹೇಳಿದರೆ ಸಾಕು.

ಹಿಕ್ಕೆ ತೆಗೆದ ಮೇಲೆ ಏನಾಯಿತು? ‘ಏನೂ ಆಗಲಿಲ್ಲ’ ಎನ್ನುತ್ತದೆ ನಗೆಯ ಕತೆ. ಅದು ಪೂರ್ತಿ ನಿಜವಲ್ಲ. ತಾಪ ಸ್ವಲ್ಪ ಇಳಿಯಿತು. ಹಿಕ್ಕೆ ನಿಜವಾಗಿಯೂ ಅಲ್ಪಸ್ವಲ್ಪ ಸೂಸುತ್ತಿತ್ತು, ಆದರೆ ಹೆಚ್ಚುವರಿಯನ್ನು ವಿವರಿಸುವಷ್ಟಲ್ಲ. ಅನುಮಾನ ಸರಿಯಾಗಿತ್ತು, ಪ್ರಮಾಣ ಸಾಲಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಇದೆ. ನಗೆಯ ಕತೆಯಲ್ಲಿ ತೊಳೆದ ಮರುಕ್ಷಣವೇ ಸತ್ಯ ಹೊಳೆಯುತ್ತದೆ. ನಡೆದದ್ದು ಹಾಗಲ್ಲ. ಚೊಕ್ಕಟ ಮಾಡಿದ ಮೇಲೂ ಹೆಚ್ಚುವರಿ ಉಳಿದಾಗ ಅವರು ಅದನ್ನು ಹಾಗೇ ಬದಿಗಿಟ್ಟು, ಅದು ಅಡ್ಡಿಯಾಗದ ಬೇರೆ ಅಳತೆಗಳಲ್ಲಿ ತೊಡಗಿದರು. ಪ್ರಬಲ ರೇಡಿಯೊ ಮೂಲಗಳ ತೀವ್ರತೆಯನ್ನು ನಿಖರವಾಗಿ ಅಳೆಯುವ ಕೆಲಸ ಅದು. ಆ ಕೆಲಸ ಮುಗಿದ ಮೇಲೆ, 1965ರ ವಸಂತದಲ್ಲಿ, ಕಹಳೆಯನ್ನು ಮತ್ತೊಮ್ಮೆ ಆಮೂಲಾಗ್ರವಾಗಿ ಶುಚಿ ಮಾಡಿದರು. ಅಲ್ಯೂಮಿನಿಯಂ ಹಾಳೆಗಳನ್ನು ರಿವೆಟ್ ಹೊಡೆದು ಸೇರಿಸಿದ ಸಂದುಗಳ ಮೇಲೆಲ್ಲ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಸಂದಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯದಿದ್ದರೆ ಅದೂ ಗದ್ದಲದ ಮೂಲವಾಗಬಲ್ಲದು. ಆಗಲೂ ತಾಪ ಅಲ್ಪ ಮಾತ್ರ ಇಳಿಯಿತು. ನಡುವೆ ಕಳೆದ ಈ ತಿಂಗಳುಗಳಲ್ಲಿ ಕುತೂಹಲದ ಘಟನೆ ಏನೂ ಇಲ್ಲ. ಆದರೂ ಅವುಗಳನ್ನು ಬಿಟ್ಟರೆ ಕತೆ ಸುಳ್ಳಾಗುತ್ತದೆ. ಏಕೆಂದರೆ ‘ಋತು ಬದಲಾದರೂ ಬದಲಾಗಲಿಲ್ಲ’ ಎಂದು ಹೇಳುವ ಅಧಿಕಾರ ಅವರಿಗೆ ಬಂದದ್ದೇ ಆ ಕಾಯುವಿಕೆಯಿಂದ.

ಒಂದು ದೂರವಾಣಿ ಕರೆ

ಅರ್ಥ ಬಂದದ್ದು ಹೊರಗಿನಿಂದ. ಪೆನ್ಜಿಯಸ್ ಬೇರೆ ಯಾವುದೋ ವಿಷಯಕ್ಕೆ ಎಂಐಟಿಯ ರೇಡಿಯೊ ಖಗೋಳ ವಿಜ್ಞಾನಿ ಬರ್ನಾರ್ಡ್ ಬರ್ಕ್ ಜತೆ ದೂರವಾಣಿಯಲ್ಲಿ ಮಾತಾಡುವಾಗ ಈ ಬಿಡಿಸಲಾಗದ ಗದ್ದಲದ ಮಾತು ತೆಗೆದರು. ಪ್ರಿನ್ಸ್‌ಟನ್ನಿನ ತರುಣ ಜಿಮ್ ಪೀಬಲ್ಸ್ ಅವರ ಕೆಲಸದ ಬಗ್ಗೆ ಬರ್ಕ್ ಕಿವಿಗೆ ಮಾತು ಬಿದ್ದಿತ್ತು. ವಿಶ್ವ ಹಿಂದೊಮ್ಮೆ ಅತಿ ದಟ್ಟವಾಗಿ, ಅತಿ ಬಿಸಿಯಾಗಿ ಇದ್ದಿದ್ದರೆ, ಹಿಗ್ಗುತ್ತ ತಣಿದ ಆ ವಿಕಿರಣ ಇಂದಿಗೂ ಎಲ್ಲ ದಿಕ್ಕಿನಿಂದ ಕೆಲವೇ ಕೆಲ್ವಿನ್‌ಗಳ ತಾಪದಲ್ಲಿ ಬರುತ್ತಿರಬೇಕು ಎಂಬುದು ಪೀಬಲ್ಸ್ ಮಾಡುತ್ತಿದ್ದ ಲೆಕ್ಕ. ಅವರ ಹಿರಿಯ ಸಹೋದ್ಯೋಗಿ ರಾಬರ್ಟ್ ಡಿಕಿ. ಡಿಕಿಯವರ ಸಲಹೆಯಂತೆ ಪೀಟರ್ ರೋಲ್ ಮತ್ತು ಡೇವಿಡ್ ವಿಲ್ಕಿನ್ಸನ್ ಆ ವಿಕಿರಣವನ್ನೇ ಹುಡುಕಲು ಒಂದು ಉಪಕರಣ ಕಟ್ಟುತ್ತಿದ್ದರು. ಹೋಮ್‌ಡೆಲ್‌ನಿಂದ ಪ್ರಿನ್ಸ್‌ಟನ್ ಸುಮಾರು 50 ಕಿಲೋಮೀಟರ್.

ಪೆನ್ಜಿಯಸ್ ಡಿಕಿಯವರಿಗೆ ಕರೆ ಮಾಡಿದಾಗ ನಾಲ್ವರೂ ಊಟದ ಹೊತ್ತಿನ ಸಭೆಯಲ್ಲಿ ಒಟ್ಟಿಗಿದ್ದರು. ಫೋನಿನಲ್ಲಿ ಡಿಕಿ ತಣ್ಣನೆಯ ಮಾನಕ, ಕಹಳೆ ಎಂದು ಮಾತಾಡುವುದು ಉಳಿದವರ ಕಿವಿಗೆ ಬಿತ್ತು. ರಿಸೀವರ್ ಇಟ್ಟ ಡಿಕಿ, ನಮಗಿಂತ ಮೊದಲೇ ಅವರು ತಲುಪಿಬಿಟ್ಟಿದ್ದಾರೆ ಎಂದು ತಮ್ಮವರಿಗೆ ಹೇಳಿದರು. ಬಳಿಕ ಅವರು ಹೋಮ್‌ಡೆಲ್‌ಗೆ ಹೋಗಿ ಕಹಳೆಯನ್ನೂ ಅಂಕಿಗಳನ್ನೂ ನೋಡಿ ಒಪ್ಪಿದರು.

ಗಾಂಭೀರ್ಯದ ಆಸೆಯಲ್ಲಿ ಕತೆ ಕೆಡುವ ಜಾಗ ಇದು. ಪೆನ್ಜಿಯಸ್ ಮತ್ತು ವಿಲ್ಸನ್ ವಿಶ್ವದ ಆದಿಯ ಮುಂದೆ ಮೂಕರಾಗಿ ನಿಂತರು ಎಂದು ಬರೆಯುವುದು ಸುಲಭ. ಅವರು ಹಾಗೆ ನಿಂತಿರಲಿಲ್ಲ. ವಿಲ್ಸನ್ ವಿದ್ಯಾರ್ಥಿಯಾಗಿದ್ದಾಗ ಫ್ರೆಡ್ ಹಾಯ್ಲ್ ಅವರ ಉಪನ್ಯಾಸ ಕೇಳಿದ್ದರು. ವಿಶ್ವಕ್ಕೆ ಆದಿಯೇ ಇಲ್ಲ, ಅದು ಸದಾ ಇದ್ದಂತೆಯೇ ಇದೆ ಎಂಬ ಹಾಯ್ಲ್ ಪಕ್ಷದ ಸ್ಥಿರಸ್ಥಿತಿ ಸಿದ್ಧಾಂತ ಅವರಿಗೆ ಹಿಡಿಸಿತ್ತು. ನಮ್ಮ ಜಯಂತ ನಾರ್ಳೀಕರ್ ಕೇಂಬ್ರಿಜ್‌ನಲ್ಲಿ ಹಾಯ್ಲ್ ಜತೆ ಕೆಲಸ ಮಾಡುತ್ತಿದ್ದ ವರ್ಷಗಳೂ ಅವೇ. ಹೋಮ್‌ಡೆಲ್‌ನ ಇಬ್ಬರಿಗೆ ಆಗ ಸಿಕ್ಕಿದ್ದು ವಿಶ್ವದ ಜನ್ಮರಹಸ್ಯವಲ್ಲ, ತಮ್ಮ ಅಳತೆಗೆ ಒಂದು ವಿವರಣೆ ಇರಬಹುದು ಎಂಬ ಸಮಾಧಾನ.

ಆ ಸಂಯಮ ಅವರ ಲೇಖನದಲ್ಲಿ ಅಚ್ಚಾಗಿದೆ. ಅಮೆರಿಕದ ಖಭೌತವಿಜ್ಞಾನ ನಿಯತಕಾಲಿಕದ 1965ರ ಜುಲೈ ಸಂಚಿಕೆಯಲ್ಲಿ ಎರಡು ಪತ್ರಗಳು ಒಟ್ಟಿಗೆ ಬಂದವು. ಪ್ರಿನ್ಸ್‌ಟನ್ನಿನ ನಾಲ್ವರು ಆದಿಯ ವಿಕಿರಣದ ಸಿದ್ಧಾಂತ ಬರೆದರು. ಪೆನ್ಜಿಯಸ್ ಮತ್ತು ವಿಲ್ಸನ್ ತಮ್ಮ ಪತ್ರದ ಶೀರ್ಷಿಕೆಯಲ್ಲಿ ಹೇಳಿದ್ದು ಇಂಥ ಆವರ್ತನದಲ್ಲಿ ಆಂಟೆನಾದ ಹೆಚ್ಚುವರಿ ತಾಪದ ಅಳತೆ ಎಂದಷ್ಟೇ. ಮೂರು ಪುಟ ದಾಟದ ಆ ಪತ್ರ ಹೇಳುವುದು ಇಷ್ಟು: 1964ರ ಜುಲೈನಿಂದ 1965ರ ಏಪ್ರಿಲ್‌ವರೆಗೆ ನೋಡಿದಂತೆ, 3.5 ಕೆಲ್ವಿನ್‌ನಷ್ಟು ಹೆಚ್ಚುವರಿ ಇದೆ, 1 ಕೆಲ್ವಿನ್ ಆಚೀಚೆ ಆಗಬಹುದು. ಅದು ಎಲ್ಲ ದಿಕ್ಕಿನಲ್ಲೂ ಒಂದೇ ಸಮ, ಋತುವಿನೊಂದಿಗೆ ಬದಲಾಗುವುದಿಲ್ಲ. ಸಂಭಾವ್ಯ ವಿವರಣೆಗೆ ಜತೆಯ ಪತ್ರ ನೋಡಿ. ಸಿದ್ಧಾಂತ ನಾಳೆ ಬಿದ್ದರೂ ಅಳತೆ ನಿಲ್ಲಬೇಕು ಎಂಬ ಎಚ್ಚರ ಅದು. ಇದೆಲ್ಲ ಎಷ್ಟು ದೊಡ್ಡದೆಂದು ತನಗೆ ಸರಿಯಾಗಿ ತಟ್ಟಿದ್ದು 1965ರ ಮೇ 21ರಂದು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಸುದ್ದಿ ಕಂಡಾಗ ಎಂದು ವಿಲ್ಸನ್ ಹೇಳಿದ್ದಾರೆ.

ಗಂಭೀರ ಕತೆ ಇವರಿಬ್ಬರನ್ನೇ ಎತ್ತಿ ಉಳಿದವರನ್ನು ಮರೆಯಲೂಬಾರದು. ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲೇ ಇಂಥ ವಿಕಿರಣ ಇರಬೇಕೆಂದು ಲೆಕ್ಕ ಹಾಕಿ, ತಾಪ ಸುಮಾರು 5 ಕೆಲ್ವಿನ್ ಎಂದಿದ್ದರು. ಅದನ್ನು ಯಾರೂ ಹುಡುಕಲು ಹೋಗಲಿಲ್ಲ, 1965ರ ಪತ್ರಗಳೂ ಅದನ್ನು ನೆನೆಯಲಿಲ್ಲ. ಇದೇ ಕಹಳೆಯಲ್ಲಿ ಎಡ್ವರ್ಡ್ ಓಮ್ ಎಂಬ ಎಂಜಿನಿಯರ್ 1961ರಲ್ಲೇ ಸುಮಾರು 3 ಕೆಲ್ವಿನ್ ಹೆಚ್ಚುವರಿ ಕಂಡಿದ್ದರು. ಅವರ ಅಳತೆಯ ಅನಿಶ್ಚಿತತೆಯೂ ಸರಿಸುಮಾರು ಅಷ್ಟೇ ಇದ್ದದ್ದರಿಂದ ಅದು ದೋಷದ ಮಿತಿಯೊಳಗೆ ಮುಳುಗಿಹೋಯಿತು. ಓಮ್ ಕಂಡದ್ದೂ ಪೆನ್ಜಿಯಸ್-ವಿಲ್ಸನ್ ಕಂಡದ್ದೂ ಒಂದೇ ಅಂಕಿ. ತಣ್ಣನೆಯ ಮಾನಕ, ಬಾಗಿಸಿ ನೋಡಿದ ಗಾಳಿ, ತೊಳೆದ ಗೋಡೆ, ಅಂಟಿಸಿದ ಪಟ್ಟಿ, ಕಾದ ತಿಂಗಳುಗಳು, ಇವುಗಳಿಂದಾಗಿ ಎರಡನೆಯವರಿಗೆ ಆ ಅಂಕಿಯನ್ನು ದೋಷ ಎಂದು ತಳ್ಳಿಹಾಕಲು ಆಗಲಿಲ್ಲ. ಅದೃಷ್ಟ ಇಬ್ಬರ ಬಾಗಿಲಿಗೂ ಬಂದಿತ್ತು ಎನ್ನುವುದಾದರೆ, ವ್ಯತ್ಯಾಸ ಮಾಡಿದ್ದು ಕಳೆಯುವ ಲೆಕ್ಕ.

ಏನು ಬದಲಾಯಿತು

ನಗೆಯ ಕತೆಯನ್ನೂ ಈ ಕತೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾರಿವಾಳ ಎರಡರಲ್ಲೂ ಇದೆ, ಹಿಕ್ಕೆ ಇದೆ, ಟಪಾಲು ಇದೆ, ವಾಪಸ್ ಬಂದದ್ದೂ ಇದೆ. ನಗೆಯ ಕತೆ ಕೆಲಸವನ್ನು ಮೊದಲು ಹೇಳಿ ಕಾರಣವನ್ನು ನುಂಗುತ್ತದೆ. ವಿಜ್ಞಾನಿಗಳು ಹಿಕ್ಕೆ ಕೆರೆಯುತ್ತಿದ್ದಾರೆ, ಯಾಕೆಂದು ಗೊತ್ತಿಲ್ಲ, ಅದಕ್ಕೇ ನಗು. ಕಾರಣವನ್ನು ಮೊದಲು ಹೇಳಿದರೆ, 290 ಕೆಲ್ವಿನ್‌ನ ಪದರ ನೂರರಲ್ಲಿ ಒಂದು ಪಾಲು ಹೀರಿದರೂ ಲೆಕ್ಕ ಕೆಡುತ್ತದೆ ಎಂದು ಓದುಗರಿಗೆ ಮೊದಲೇ ಗೊತ್ತಿದ್ದರೆ, ಅದೇ ಕೆರೆಯುವಿಕೆ ನಿಷ್ಠೆಯ ಕೆಲಸವಾಗಿ ಕಾಣುತ್ತದೆ. ಧ್ವನಿ ತಗ್ಗಿಸುವುದರಿಂದಾಗಲಿ ದೊಡ್ಡ ವಿಶೇಷಣ ಸುರಿಯುವುದರಿಂದಾಗಲಿ ಗಾಂಭೀರ್ಯ ಬರುವುದಿಲ್ಲ.

ಗಂಭೀರ ಕತೆ ದಾರಿ ತಪ್ಪಿದೆಯೇ ಎಂದು ತಿಳಿಯುವ ಗುರುತುಗಳೂ ಇಲ್ಲೇ ಇವೆ. ಪಾರಿವಾಳವನ್ನು ಮುಜುಗರದಿಂದ ಕೈಬಿಟ್ಟಿದ್ದರೆ ಅದು ತಪ್ಪಿದೆ. ತೊಳೆದದ್ದರಿಂದಲೇ ಆವಿಷ್ಕಾರವಾಯಿತು ಎಂಬಂತೆ ತಿಂಗಳುಗಳನ್ನು ಒಂದು ದಿನಕ್ಕೆ ಮಡಚಿದ್ದರೆ ತಪ್ಪಿದೆ. ಆ ದಿನ ಅವರಿಗೆ ಗೊತ್ತಿರದಿದ್ದದ್ದನ್ನು ಗೊತ್ತಿತ್ತು ಎಂದು ಬರೆದಿದ್ದರೆ ಎಲ್ಲಕ್ಕಿಂತ ಹೆಚ್ಚು ತಪ್ಪಿದೆ. ಗೊತ್ತಿಲ್ಲದೆಯೂ ಸರಿಯಾಗಿ ಅಳೆದರು ಎಂಬುದೇ ಅವರ ಹಿರಿಮೆ. ಅದನ್ನು ಕಿತ್ತುಕೊಂಡು ಜ್ಞಾನೋದಯದ ಕಿರೀಟ ಇಟ್ಟರೆ ಅವರಿಗೆ ಅನ್ಯಾಯವಾಗುತ್ತದೆ.

ಮುಂದಿನದು ಎಲ್ಲರಿಗೂ ತಿಳಿದದ್ದು. 1966ರಲ್ಲಿ ರೋಲ್ ಮತ್ತು ವಿಲ್ಕಿನ್ಸನ್ ತಮ್ಮ ಉಪಕರಣದಿಂದ ಬೇರೆ ಅಲೆಯುದ್ದದಲ್ಲಿ ಅಳೆದು 3 ಕೆಲ್ವಿನ್ ಕಂಡರು. 1978ರಲ್ಲಿ ಪೆನ್ಜಿಯಸ್ ಮತ್ತು ವಿಲ್ಸನ್‌ಗೆ ಭೌತವಿಜ್ಞಾನದ ನೊಬೆಲ್‌ನ ಅರ್ಧ ಪಾಲು ಬಂತು. 1989ರಲ್ಲಿ ಹಾರಿಸಿದ ಕೋಬ್ ಉಪಗ್ರಹ ಮತ್ತು ಅದರ ನಂತರದ ಅಳತೆಗಳು ಈ ತಾಪವನ್ನು 2.725 ಕೆಲ್ವಿನ್ ಎಂದು ನಿಗದಿ ಮಾಡಿವೆ. 1965ರ ಪತ್ರ ಹೇಳಿದ್ದು 3.5, ಆಚೀಚೆ 1. ಅಂದರೆ ಎರಡೂವರೆಯಿಂದ ನಾಲ್ಕೂವರೆಯ ನಡುವೆ. ಇಂದಿನ ಬೆಲೆ ಆ ಮಿತಿಯೊಳಗೇ ಇದೆ. ತಮಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಹೇಳಿದ್ದರು.

ಶಾಲೆಯಲ್ಲಿ, ಮನೆಯಲ್ಲಿ ಈ ಕತೆ ಹೇಳುವವರಲ್ಲಿ ನನ್ನ ವಿನಂತಿ ಇಷ್ಟು. ಪಾರಿವಾಳಗಳನ್ನು ಬಿಡಬೇಡಿ, ಮಕ್ಕಳು ನಗಲಿ. ಆದರೆ ಅದಕ್ಕೂ ಮುಂಚೆ ಕಪ್ಪು ಹಲಗೆಯ ಮೇಲೆ 6.7 ಬರೆದು, ಅದರಿಂದ 2.3 ಕಳೆದು, 0.9 ಕಳೆದು, ಉಳಿದದ್ದನ್ನು ಏನು ಮಾಡುವುದೆಂದು ಅವರನ್ನೇ ಕೇಳಿ.